ಮುಳುಗಿದವರ ಚಿತ್ರ ಎಲ್ಲಿದೆ?

ನನ್ನ ಫೋನಿನಲ್ಲಿ ಒಂದು ಸ್ಕ್ರೀನ್‌ಶಾಟ್ ಇದೆ. ಅಳಿಸಬೇಕೆಂದು ಎಷ್ಟೋ ಸಲ ಅಂದುಕೊಂಡು ಉಳಿಸಿಕೊಂಡಿದ್ದೇನೆ. ಅದರಲ್ಲಿ ಹಸಿರು ಅಕ್ಷರದಲ್ಲಿ +4,200 ಎಂದಿದೆ. ಮೇಲಿನ ಮೂಲೆಯಲ್ಲಿ ಸಮಯ 11.10. ಫೆಲೋಶಿಪ್ಪಿನ ಹಣ ತಿಂಗಳುಗಟ್ಟಲೆ ಬಾರದೆ, ಮೆಸ್ ಬಿಲ್ಲಿಗೆ ಸ್ನೇಹಿತರ ಬಳಿ ಕೈಚಾಚುತ್ತಿದ್ದ ದಿನಗಳಲ್ಲಿ ನಾನು ಆಪ್ಷನ್ ವ್ಯವಹಾರಕ್ಕೆ ಕೈಹಾಕಿದ್ದೆ. ಆ ಬೆಳಿಗ್ಗೆ ಎರಡು ಗಂಟೆಯೊಳಗೆ ನಾಲ್ಕು ಸಾವಿರದ ಇನ್ನೂರು ರೂಪಾಯಿ ಕಂಡಾಗ ಆದ ಸಂತೋಷ ನಿಜವಾದದ್ದು. ಆ ಚಿತ್ರವನ್ನು ವಾಟ್ಸಾಪ್ ಸ್ಟೇಟಸ್ಸಿಗೆ ಹಾಕಿದೆ. ಕೆಳಗೆ ಒಂದು ಕಾಫಿ ಲೋಟದ ಚಿತ್ರ, ಅಷ್ಟೇ. ಬೇರೆ ಮಾತಿಲ್ಲ.

ಮಧ್ಯಾಹ್ನ ಮೂರೂವರೆಗೆ ಮಾರುಕಟ್ಟೆ ಮುಚ್ಚಿದಾಗ ಅದೇ ವ್ಯವಹಾರದಲ್ಲಿ ನಾನು 1,900 ರೂಪಾಯಿ ಕಳೆದುಕೊಂಡಿದ್ದೆ. ಮೂರು ತಿಂಗಳಲ್ಲಿ ಒಟ್ಟು ಹೋದದ್ದು 31,400. ಸ್ಟೇಟಸ್ ಮಾತ್ರ ಇಪ್ಪತ್ತನಾಲ್ಕು ಗಂಟೆ ಹಾಗೇ ಹಸಿರಾಗಿತ್ತು.

ಅದನ್ನು ನೋಡಿದವರಲ್ಲಿ ನಮ್ಮ ಹಾಸ್ಟೆಲಿನ ಜೂನಿಯರ್ ಒಬ್ಬನಿದ್ದ. ಬಾಕಿ ಫೆಲೋಶಿಪ್ ಅವನಿಗೆ ಒಟ್ಟಿಗೇ ಬಂದಿತ್ತು. ನನ್ನ ಚಿತ್ರ ನೋಡಿದ ಮೇಲೆ ಅಂಥ ಚಿತ್ರಗಳನ್ನೇ ಜಾಹೀರಾತು ಮಾಡುವ ಒಂದು ಟೆಲಿಗ್ರಾಂ ಚಾನೆಲ್ ಸೇರಿದ, 7,500 ರೂಪಾಯಿಯ ಕೋರ್ಸ್ ಕೊಂಡ, ಐದು ವಾರಗಳಲ್ಲಿ 52,000 ಕಳೆದ. ಆಮೇಲೊಂದು ದಿನ ಟೆರೇಸಿನಲ್ಲಿ ಬಟ್ಟೆ ಒಣಹಾಕುತ್ತಾ ತಾನಾಗಿಯೇ ಹೇಳಿದ: “ತಪ್ಪು ನಂದೇ ಅಣ್ಣ. ಸ್ಟಾಪ್‌ಲಾಸ್ ಹಾಕ್ತಿರ್ಲಿಲ್ಲ. ನಂಗೆ ಶಿಸ್ತಿಲ್ಲ. ನಿಮ್ ಥರ ಇರ್ಬೇಕಿತ್ತು.”

‘ನಿಮ್ ಥರ’ ಎಂಬ ಮಾತು ನನ್ನನ್ನು ಇವತ್ತಿಗೂ ಬಿಟ್ಟಿಲ್ಲ. ನಾನು ಅವನಿಗೆ ಒಂದೇ ಒಂದು ಸುಳ್ಳನ್ನೂ ಹೇಳಿರಲಿಲ್ಲ. ಆದರೂ ಅವನ ತಲೆಯಲ್ಲಿ ನನ್ನ ಬಗ್ಗೆ ಇದ್ದದ್ದು ಶುದ್ಧ ಸುಳ್ಳು. ಪೂರ್ತಿ ನಿಜವಾದ ಚಿತ್ರವೊಂದು ಸುಳ್ಳನ್ನು ಹೇಗೆ ಹೆರುತ್ತದೆ? ಹೆತ್ತರೆ, ಆ ಸುಳ್ಳಿಗೆ ತಂದೆ ಯಾರು? ಈ ಪ್ರಬಂಧ ಬರೆಯಲು ಕಾರಣವಾದದ್ದು ಆ ಎರಡು ಪ್ರಶ್ನೆಗಳು.

*

ತತ್ತ್ವಶಾಸ್ತ್ರದ ವಿದ್ಯಾರ್ಥಿಯಾದ ನನಗೆ ಈ ಪ್ರಶ್ನೆಯ ಹಳೆಯ ರೂಪವೊಂದು ಗೊತ್ತಿರಬೇಕಿತ್ತು. ಗೊತ್ತಿತ್ತು ಕೂಡ, ಆದರೆ ನನ್ನ ಫೋನಿಗೂ ಅದಕ್ಕೂ ಸಂಬಂಧ ಕಂಡಿರಲಿಲ್ಲ. ರೋಮಿನ ಸಿಸೆರೊ ದೇವರುಗಳ ಸ್ವರೂಪದ ಬಗ್ಗೆ ಬರೆದ ಗ್ರಂಥದ ಮೂರನೆಯ ಭಾಗದಲ್ಲಿ ಡಯಾಗೊರಸ್ ಎಂಬ ಗ್ರೀಕನ ಪ್ರಸಂಗ ಬರುತ್ತದೆ. ಅವನಿಗೆ ನಾಸ್ತಿಕನೆಂಬ ಹೆಸರಿತ್ತು. ಸಾಮೊಥ್ರೇಸ್ ದ್ವೀಪದ ದೇವಾಲಯದಲ್ಲಿ ಸ್ನೇಹಿತನೊಬ್ಬ ಗೋಡೆಯ ತುಂಬ ತೂಗುಹಾಕಿದ ಚಿತ್ರಫಲಕಗಳನ್ನು ಅವನಿಗೆ ತೋರಿಸುತ್ತಾನೆ. ಬಿರುಗಾಳಿಗೆ ಸಿಕ್ಕಿ, ಹರಕೆ ಹೊತ್ತು, ಬದುಕಿ ದಡ ಸೇರಿದವರು ಒಪ್ಪಿಸಿದ ಫಲಕಗಳು ಅವು. ದೇವರು ಮನುಷ್ಯರನ್ನು ಕಾಯುತ್ತಾನೆ ಎನ್ನುವುದಕ್ಕೆ ಇನ್ನೇನು ಸಾಕ್ಷಿ ಬೇಕು ಎಂದು ಸ್ನೇಹಿತ ಕೇಳಿದರೆ, ಹಡಗು ಒಡೆದು ಸಮುದ್ರದಲ್ಲೇ ಸತ್ತವರ ಚಿತ್ರ ಇಲ್ಲಿ ಎಲ್ಲೂ ಇಲ್ಲವಲ್ಲ ಎನ್ನುತ್ತಾನೆ ಡಯಾಗೊರಸ್.

ಆ ಗೋಡೆಯನ್ನು ನಾವೂ ಕಂಡಿದ್ದೇವೆ. ಮಗುವಿಗಾಗಿ ಹರಕೆ ಹೊತ್ತವರು ಕಟ್ಟಿದ ಪುಟ್ಟ ತೊಟ್ಟಿಲುಗಳು, ಕಣ್ಣು ವಾಸಿಯಾದವರು ಒಪ್ಪಿಸಿದ ಬೆಳ್ಳಿಯ ಕಣ್ಣುಗಳು ನಮ್ಮ ಊರುಗಳ ಎಷ್ಟೋ ಗುಡಿಗಳಲ್ಲಿವೆ. ಒಂದೊಂದು ತೊಟ್ಟಿಲಿನ ಹಿಂದೆಯೂ ಒಂದು ನಿಜವಾದ ಮಗು ಇದೆ. ಹರಕೆ ಹೊತ್ತೂ ಮಗುವಾಗದವಳು ತೊಟ್ಟಿಲು ತಂದು ಕಟ್ಟುವುದಿಲ್ಲ, ಖಾಲಿ ಕೈಯನ್ನು ತೂಗುಹಾಕಲು ಗುಡಿಯಲ್ಲಿ ಜಾಗವೂ ಇಲ್ಲ. ಇಲ್ಲಿ ಯಾರೂ ಯಾರಿಗೂ ಮೋಸ ಮಾಡಿಲ್ಲ. ಹಾಗಿದ್ದರೂ ಗೋಡೆಯನ್ನಷ್ಟೇ ನೋಡಿ ಹರಕೆಯ ಫಲವನ್ನು ಲೆಕ್ಕ ಹಾಕಿದರೆ ಆ ಲೆಕ್ಕ ತಪ್ಪುತ್ತದೆ. ಉಳಿದವರನ್ನು ಮಾತ್ರ ನೋಡಿ ಎಲ್ಲರ ಬಗ್ಗೆ ತೀರ್ಮಾನಕ್ಕೆ ಬರುವ ಈ ತಪ್ಪನ್ನು ಸಂಖ್ಯಾಶಾಸ್ತ್ರದವರು ಸರ್ವೈವರ್‌ಶಿಪ್ ಬಯಾಸ್ ಎನ್ನುತ್ತಾರೆ. ಕನ್ನಡದಲ್ಲಿ ನಾನು ಇದನ್ನು ‘ಉಳಿದವರ ಭ್ರಮೆ’ ಎಂದು ಕರೆದುಕೊಂಡಿದ್ದೇನೆ.

ಈ ಮಾತು ಬಂದಾಗಲೆಲ್ಲ ಅಬ್ರಹಾಂ ವಾಲ್ಡ್ ಎಂಬ ಗಣಿತಜ್ಞನ ಕಥೆ ಬರುತ್ತದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದ ಒಂದು ಸಂಶೋಧನಾ ತಂಡದಲ್ಲಿದ್ದ ವಾಲ್ಡ್, ಗುಂಡು ತಿಂದೂ ಮರಳಿದ ವಿಮಾನಗಳ ಗಾಯಗಳಿಂದ ಮರಳದ ವಿಮಾನಗಳ ಬಗ್ಗೆ ಏನು ಹೇಳಬಹುದೆಂದು ಲೆಕ್ಕ ಹಾಕಿದರು. ಮರಳಿದವುಗಳ ಎಂಜಿನ್ನಿನಲ್ಲಿ ಗುಂಡಿನ ತೂತು ಕಡಿಮೆ ಎಂದರೆ ಎಂಜಿನ್ನಿಗೆ ಗುಂಡು ಬೀಳುವುದಿಲ್ಲ ಎಂದಲ್ಲ. ಅಲ್ಲಿ ಬಿದ್ದವು ಮರಳಿಲ್ಲ ಎಂದು. ಕಥೆಯನ್ನು ಹೇಳುವವರು ಸಾಮಾನ್ಯವಾಗಿ ಹೇಳದೆ ಬಿಡುವ ಒಂದು ಸಂಗತಿ ನನ್ನನ್ನು ಕಾಡುತ್ತದೆ. 1950ರ ಡಿಸೆಂಬರಿನಲ್ಲಿ ಉಪನ್ಯಾಸಗಳಿಗಾಗಿ ಭಾರತಕ್ಕೆ ಬಂದಿದ್ದ ವಾಲ್ಡ್ ಮತ್ತು ಅವರ ಪತ್ನಿ ತೀರಿಕೊಂಡದ್ದು ನಮ್ಮ ಮಗ್ಗುಲಿನ ನೀಲಗಿರಿ ಬೆಟ್ಟಗಳಲ್ಲಿ, ಮರಳದ ಒಂದು ವಿಮಾನದಲ್ಲಿ.

*

ಈಗ ಲಾಭದ ಸ್ಕ್ರೀನ್‌ಶಾಟಿಗೆ ಬರೋಣ. ಅದು ಸುಳ್ಳಾಗಿರಲು ತಿದ್ದಿದ ಚಿತ್ರವೇ ಆಗಬೇಕಿಲ್ಲ. ಬ್ರೌಸರಿನಲ್ಲಿ ಅಂಕಿ ಬದಲಿಸಿ ಚಿತ್ರ ತೆಗೆಯುವವರಿದ್ದಾರೆ, ನಕಲಿ ಹಣದಲ್ಲಿ ಅಭ್ಯಾಸ ಮಾಡುವ ಆ್ಯಪಿನ ಚಿತ್ರ ತೋರಿಸುವವರಿದ್ದಾರೆ. ಅವರದ್ದು ಸೀದಾ ವಂಚನೆ, ಅದರಲ್ಲಿ ಯೋಚಿಸುವಂಥದ್ದು ಕಡಿಮೆ. ನನಗೆ ಕುತೂಹಲ ಇರುವುದು ಅಸಲಿ ಚಿತ್ರಗಳ ಬಗ್ಗೆ. ಅಸಲಿ ಹಣ, ಅಸಲಿ ಖಾತೆ, ಅಸಲಿ ಲಾಭದ ಚಿತ್ರವನ್ನು ಯಾವ ದಿನ ಬೇಕಾದರೂ ತಯಾರಿಸುವುದು ಹೇಗೆಂದು ಒಂದು ಉದಾಹರಣೆಯಲ್ಲಿ ನೋಡೋಣ.

ನಿಫ್ಟಿ ಸೂಚ್ಯಂಕದ ಆಪ್ಷನ್‌ಗಳಿಗೆ ವಾರಕ್ಕೊಮ್ಮೆ ಎಕ್ಸ್‌ಪೈರಿ, ಅಂದರೆ ಅವಧಿ ಮುಗಿಯುವ ದಿನ, ಬರುತ್ತದೆ. ಸೂಚ್ಯಂಕ ಏರುತ್ತದೆ ಎಂದು ಪಣ ಕಟ್ಟುವವರು ಕಾಲ್ ಕೊಳ್ಳುತ್ತಾರೆ, ಇಳಿಯುತ್ತದೆ ಎನ್ನುವವರು ಪುಟ್ ಕೊಳ್ಳುತ್ತಾರೆ. ಒಬ್ಬಾತನ ಬಳಿ ಎರಡು ಖಾತೆಗಳಿವೆ ಎಂದಿಟ್ಟುಕೊಳ್ಳಿ, ಒಂದು ತನ್ನದು, ಒಂದು ತಮ್ಮನದು. ಎಕ್ಸ್‌ಪೈರಿ ದಿನ ಬೆಳಿಗ್ಗೆ ಆಗಿನ ಸೂಚ್ಯಂಕದ ಮಟ್ಟದ ಕಾಲ್ ಬೆಲೆ 40 ರೂಪಾಯಿ, ಪುಟ್ ಬೆಲೆಯೂ 40. ಒಂದು ಲಾಟಿಗೆ 75 ಯೂನಿಟ್ ಎಂದು ಹಿಡಿದರೆ (ಈ ಸಂಖ್ಯೆಯನ್ನು ಆಗಾಗ ಬದಲಿಸುತ್ತಿರುತ್ತಾರೆ) ಹತ್ತು ಲಾಟಿಗೆ 750 ಯೂನಿಟ್. ಒಂದು ಖಾತೆಯಲ್ಲಿ 30,000 ರೂಪಾಯಿಯ ಕಾಲ್, ಇನ್ನೊಂದರಲ್ಲಿ 30,000 ರೂಪಾಯಿಯ ಪುಟ್ ಕೊಳ್ಳುತ್ತಾನೆ.

ಸಂಜೆಯ ಹೊತ್ತಿಗೆ ಸೂಚ್ಯಂಕ 62 ಅಂಶ ಏರಿತು. ಕಾಲ್ ಬೆಲೆ 62 ಆಯಿತು, ಪುಟ್ ಸೊನ್ನೆಯಾಯಿತು. ಕಾಲ್ ಖಾತೆಯಲ್ಲಿ ಯೂನಿಟ್ಟಿಗೆ 22 ರೂಪಾಯಿಯಂತೆ 16,500 ರೂಪಾಯಿ ಲಾಭ, ಹಾಕಿದ ಹಣದ ಮೇಲೆ ಶೇ. 55. ಪುಟ್ ಖಾತೆಯಲ್ಲಿ 30,000 ರೂಪಾಯಿಯೂ ಹೋಯಿತು. ಎರಡೂ ಸೇರಿಸಿದರೆ 13,500 ರೂಪಾಯಿ ನಷ್ಟ, ಬ್ರೋಕರೇಜ್ ಮತ್ತು ತೆರಿಗೆ ಬೇರೆ. ಅವತ್ತು ರಾತ್ರಿ ಚಾನೆಲ್ಲಿನಲ್ಲಿ ಬರುವ ಚಿತ್ರ ಯಾವುದು? ‘ಒಂದೇ ದಿನದಲ್ಲಿ ಶೇ. 55.’ ಸೂಚ್ಯಂಕ 62 ಅಂಶ ಇಳಿದಿದ್ದರೆ ತಮ್ಮನ ಖಾತೆಯ ಚಿತ್ರ ಬರುತ್ತಿತ್ತು. ಯಾವ ದಿಕ್ಕಿಗೆ ಇಷ್ಟು ಚಲಿಸಿದರೂ ಒಂದು ಹಸಿರು ಚಿತ್ರ ಖಚಿತ. ಅಂದರೆ ಅದು ಮಾರುಕಟ್ಟೆಯ ಬಗ್ಗೆ ಅವನಿಗೆ ಏನು ಗೊತ್ತು ಎಂಬುದನ್ನು ಎಳ್ಳಷ್ಟೂ ಹೇಳುವುದಿಲ್ಲ. 13,500 ರೂಪಾಯಿ ನಷ್ಟ ಅವನಿಗೆ ಜಾಹೀರಾತಿನ ಖರ್ಚು. 7,500 ರೂಪಾಯಿಯ ಕೋರ್ಸಿಗೆ ಇಬ್ಬರು ಸೇರಿದರೆ ಅದು ವಾಪಸು ಬರುತ್ತದೆ.

ಚಿತ್ರವನ್ನೂ ಮೀರಿದ ಇನ್ನೊಂದು ವಿಧಾನವಿದೆ, ಅದರಲ್ಲಿ ಸಾಕ್ಷಿ ನೀವೇ. ಒಬ್ಬ 6,400 ಜನರ ಫೋನ್ ನಂಬರ್ ಸಂಪಾದಿಸುತ್ತಾನೆ. ಅರ್ಧ ಜನರಿಗೆ ನಾಳೆ ಮಾರುಕಟ್ಟೆ ಏರುತ್ತದೆ ಎಂದು ಸಂದೇಶ ಕಳಿಸುತ್ತಾನೆ, ಉಳಿದರ್ಧಕ್ಕೆ ಇಳಿಯುತ್ತದೆ ಎಂದು. ಯಾರಿಗೆ ತಪ್ಪು ಹೇಳಿದ್ದನೋ ಅವರಿಗೆ ಮತ್ತೆಂದೂ ಸಂದೇಶ ಹೋಗುವುದಿಲ್ಲ. ಉಳಿದ 3,200 ಜನರನ್ನು ಮತ್ತೆ ಎರಡು ಭಾಗ ಮಾಡುತ್ತಾನೆ. ಐದು ದಿನದ ನಂತರ 200 ಜನ ಉಳಿಯುತ್ತಾರೆ. ಆ 200 ಜನರ ಫೋನಿನಲ್ಲಿ ಐದಕ್ಕೆ ಐದೂ ಸರಿಯಾದ ಭವಿಷ್ಯವಿದೆ, ಹಿಂದಿನ ದಿನವೇ ಬಂದದ್ದು, ಅಳಿಸಿದ್ದಿಲ್ಲ, ತಿದ್ದಿದ್ದಿಲ್ಲ. ನಾನೇ ಪರೀಕ್ಷಿಸಿ ನೋಡಿದೆ ಎಂದು ಅವರು ಆಣೆ ಮಾಡಿ ಹೇಳಬಲ್ಲರು. ಅವರು ನೋಡಲಾರದ್ದು ಒಂದೇ, ಬಿಟ್ಟುಹೋದ 6,200 ಜನರನ್ನು. ಈ ಉದಾಹರಣೆ ನನ್ನನ್ನು ಹೆದರಿಸಿತು, ಏಕೆಂದರೆ ನನ್ನ ಸ್ವಂತ ಅನುಭವವೇ ನನಗೆ ಸುಳ್ಳು ಹೇಳಬಹುದು ಎಂದು ಅದು ತೋರಿಸುತ್ತದೆ.

ಇಷ್ಟು ಶ್ರಮ ಪಡುವವರು ಕಡಿಮೆ ಇರಬಹುದು. ಟೆಲಿಗ್ರಾಂ ಚಾನೆಲ್ಲಿನ ಒಡೆಯ ಹಳೆಯ ಸಂದೇಶಗಳನ್ನು ಯಾವಾಗ ಬೇಕಾದರೂ ಅಳಿಸಬಹುದು, ತಪ್ಪಾದದ್ದನ್ನು ಸಂಜೆ ತೆಗೆದುಬಿಟ್ಟರೆ ಸಾಕು. ಇದನ್ನು ಹಿಡಿಯಲು ಸಣ್ಣ ಉಪಾಯವೊಂದಿದೆ. ಸಾರ್ವಜನಿಕ ಚಾನೆಲ್ಲಿನ ಪ್ರತಿ ಸಂದೇಶದ ಲಿಂಕಿನ ಕೊನೆಯಲ್ಲಿ ಒಂದು ಕ್ರಮಸಂಖ್ಯೆ ಇರುತ್ತದೆ. 412ರ ನಂತರ ಕಾಣುವುದು 419 ಆದರೆ, ನಡುವೆ ಏನೋ ಇತ್ತು. ಹಲವು ಚಿತ್ರಗಳನ್ನು ಒಟ್ಟಿಗೆ ಕಳಿಸಿದಾಗಲೂ ಸಂಖ್ಯೆ ಹಾರುತ್ತದೆ, ಆದ್ದರಿಂದ ಒಂದೆರಡು ಅಂತರಗಳಿಂದ ತೀರ್ಮಾನಕ್ಕೆ ಬರಬಾರದು. ಆದರೆ ಮಾರುಕಟ್ಟೆ ಬಿದ್ದ ದಿನಗಳಲ್ಲೇ ಅಂತರಗಳು ಗುಂಪಾಗಿದ್ದರೆ, ಅದು ಮುಳುಗಿದವರು ಬಿಟ್ಟುಹೋದ ಗುರುತು.

*

ಇಲ್ಲಿಯವರೆಗೆ ಮೋಸಗಾರರ ಮಾತಾಯಿತು. ಕಷ್ಟದ ಪ್ರಶ್ನೆ ಶುರುವಾಗುವುದು ಮೋಸಗಾರನೇ ಇಲ್ಲದಾಗ.

ಭಾರತದ ಷೇರು ಮಾರುಕಟ್ಟೆಯ ನಿಯಂತ್ರಕ ಸಂಸ್ಥೆ ಸೆಬಿ, 2024ರ ಸೆಪ್ಟೆಂಬರಿನಲ್ಲಿ ಒಂದು ಅಧ್ಯಯನ ಪ್ರಕಟಿಸಿತು. 2021-22ರಿಂದ 2023-24ರವರೆಗಿನ ಮೂರು ಹಣಕಾಸು ವರ್ಷಗಳಲ್ಲಿ ಫ್ಯೂಚರ್ಸ್ ಮತ್ತು ಆಪ್ಷನ್ಸ್‌ನಲ್ಲಿ ವ್ಯವಹರಿಸಿದ ಒಂದು ಕೋಟಿಗೂ ಹೆಚ್ಚು ವ್ಯಕ್ತಿಗಳ ಲೆಕ್ಕ ಅದರಲ್ಲಿತ್ತು. ನೂರಕ್ಕೆ 93 ಜನ ಕಳೆದುಕೊಂಡಿದ್ದರು, ತಲಾ ಸರಾಸರಿ ಸುಮಾರು ಎರಡು ಲಕ್ಷ. ಖರ್ಚು ಕಳೆದು ಒಂದು ಲಕ್ಷಕ್ಕಿಂತ ಹೆಚ್ಚು ಗಳಿಸಿದವರು ನೂರಕ್ಕೆ ಒಬ್ಬರು ಮಾತ್ರ. ಸೆಬಿ ಇಲ್ಲಿ ಮಾಡಿದ್ದು ಡಯಾಗೊರಸ್ ಕೇಳಿದ್ದನ್ನೇ. ಗೋಡೆಯ ಮೇಲಿನ ಚಿತ್ರಗಳನ್ನು ಬಿಟ್ಟು, ಬಂದರಿನಿಂದ ಹೊರಟ ಹಡಗುಗಳ ಪಟ್ಟಿಯನ್ನು ತೆಗೆದು ಎಣಿಸಿತು.

ಈಗ ಆ ಅಂಕಿಯನ್ನೇ ತಿರುಗಿಸಿ ನೋಡಿ. ಒಂದು ಕೋಟಿಯಲ್ಲಿ ನೂರಕ್ಕೆ ಏಳು ಎಂದರೆ ಏಳು ಲಕ್ಷ ಜನ. ಏಳು ಲಕ್ಷ ಜನ ನಿಜವಾಗಿ ಗಳಿಸಿದ್ದಾರೆ, ಅವರು ಸುಳ್ಳು ಹೇಳಬೇಕಿಲ್ಲ. ಕಳೆದುಕೊಂಡವರಿಗೂ ಗೆದ್ದ ದಿನಗಳಿರುತ್ತವೆ. ನನ್ನ ಮೂರು ತಿಂಗಳಲ್ಲಿ ಮೂರನೇ ಒಂದು ಭಾಗ ಹಸಿರು ದಿನಗಳೇ. ಕೆಂಪು ದಿನ ಯಾರೂ ಸ್ಕ್ರೀನ್‌ಶಾಟ್ ತೆಗೆಯುವುದಿಲ್ಲ. ಹೀಗೆ ಯಾರೂ ಯಾರನ್ನೂ ವಂಚಿಸದೆ, ಕೋಟಿ ಫೋನುಗಳಿಂದ ಹಸಿರು ಚಿತ್ರಗಳು ಮಾತ್ರ ಹೊರಬರುತ್ತವೆ. ಜಾಹೀರಾತು ಮಾಡುವವನಿಗೆ ಅವುಗಳನ್ನು ಆರಿಸಿಕೊಂಡು ‘ನಮ್ಮ ವಿದ್ಯಾರ್ಥಿಗಳ ಸಾಧನೆ’ ಎಂದು ತೋರಣ ಕಟ್ಟುವುದಷ್ಟೇ ಕೆಲಸ. ಅವನ ಬಳಿ ಕಲಿತವರು ಎಷ್ಟು ಜನ, ಅವರಲ್ಲಿ ಇವರು ಎಷ್ಟು ಎನ್ನುವುದು ತೋರಣದಲ್ಲಿ ಇರುವುದಿಲ್ಲ. ಶಾಲೆಯಲ್ಲಿ ಕಲಿತ ಭಿನ್ನರಾಶಿ ನೆನಪಿಸಿಕೊಳ್ಳಿ. ಗೆರೆಯ ಮೇಲೆ ಅಂಶ, ಕೆಳಗೆ ಛೇದ. ಲಾಭದ ಸ್ಕ್ರೀನ್‌ಶಾಟ್ ಎಂದರೆ ಛೇದವಿಲ್ಲದ ಅಂಶ.

ಹಾಗಾದರೆ ಇದರಲ್ಲಿ ಅಪರಾಧ ಎಲ್ಲಿದೆ? ಸುಳ್ಳು ಹೇಳುವುದು ಬೇರೆ, ದಾರಿ ತಪ್ಪಿಸುವುದು ಬೇರೆ ಎಂದು ವಾದಿಸುವ ನೀತಿಶಾಸ್ತ್ರಜ್ಞರಿದ್ದಾರೆ. ಸುಳ್ಳಿನಲ್ಲಿ ನಾನು ನಿಮಗೆ ತಪ್ಪನ್ನೇ ಕೊಡುತ್ತೇನೆ. ದಾರಿ ತಪ್ಪಿಸುವುದರಲ್ಲಿ ನಿಜವನ್ನೇ ಕೊಡುತ್ತೇನೆ, ತಪ್ಪು ತೀರ್ಮಾನ ನಿಮ್ಮದೇ, ಹಾಗಾಗಿ ಹೊಣೆಯಲ್ಲಿ ನಿಮಗೂ ಪಾಲಿದೆ ಎಂದು ಅವರ ವಾದ. ಮಹಾಭಾರತ ಇದನ್ನು ಒಪ್ಪಿದಂತೆ ಕಾಣುವುದಿಲ್ಲ. ಅಶ್ವತ್ಥಾಮ ಸತ್ತನೆಂದು ದ್ರೋಣನಿಗೆ ಕೇಳುವಂತೆ ಹೇಳಿ, ಸತ್ತದ್ದು ಆನೆ ಎಂಬುದನ್ನು ಕೇಳದಂತೆ ಹೇಳಿದ ಕ್ಷಣವೇ, ಅಲ್ಲಿಯವರೆಗೆ ನೆಲ ಮುಟ್ಟದೆ ಓಡುತ್ತಿದ್ದ ಧರ್ಮರಾಯನ ರಥ ನೆಲಕ್ಕಿಳಿಯಿತು. ಮಾತಿನ ಯಾವ ಭಾಗವನ್ನು ಗಟ್ಟಿಯಾಗಿ, ಯಾವುದನ್ನು ಮೆಲ್ಲಗೆ ಹೇಳಬೇಕೆಂಬ ಆಯ್ಕೆ ಅವನದು. ಆ ಆಯ್ಕೆಗೆ ಅವನೇ ಹೊಣೆ.

ಆರಿಸುವುದೇ ಹೇಳುವುದು ಎಂದು ಒಪ್ಪಿದರೆ ಜಾಹೀರಾತಿನವನ ಅಪರಾಧ ಸ್ಪಷ್ಟ. 2023ರ ಅಕ್ಟೋಬರಿನಲ್ಲಿ ಸೆಬಿ ಹೊರಡಿಸಿದ ಒಂದು ಮಧ್ಯಂತರ ಆದೇಶ ಇದಕ್ಕೆ ಕನ್ನಡಿ. ಜಾಲತಾಣಗಳಲ್ಲಿ ದೊಡ್ಡ ಹಿಂಬಾಲಕರ ಬಳಗವಿದ್ದ ತರಬೇತುದಾರನೊಬ್ಬ ತನ್ನ ಲಾಭಗಳನ್ನಷ್ಟೇ ತೋರಿಸುತ್ತಿದ್ದ. 2021ರ ಜನವರಿಯಿಂದ 2023ರ ಜುಲೈವರೆಗೆ ಅವನ ಸ್ವಂತ ವ್ಯವಹಾರದ ಲೆಕ್ಕ ತೆಗೆದಾಗ ಸುಮಾರು 2.89 ಕೋಟಿ ರೂಪಾಯಿ ನಿವ್ವಳ ನಷ್ಟ ಕಂಡಿತು. ಕೋರ್ಸುಗಳಿಂದ ಸಂಗ್ರಹಿಸಿದ 17 ಕೋಟಿಗೂ ಹೆಚ್ಚು ಹಣವನ್ನು ಪ್ರತ್ಯೇಕ ಖಾತೆಯಲ್ಲಿಡುವಂತೆ ಆದೇಶ ಹೇಳಿತು. ಅವನು ತೋರಿಸಿದ ಲಾಭಗಳಲ್ಲಿ ಅಸಲಿಯವು ಇದ್ದಿರಬಹುದು. ಅವುಗಳ ಮೊತ್ತ ಮಾತ್ರ ಬೇರೆಯಾಗಿತ್ತು.

ನನ್ನ ಹೊಣೆ? ಬೆಳಿಗ್ಗೆ 11.10ಕ್ಕೆ ನಾನು ನಿರಪರಾಧಿ ಎಂದೇ ಇಟ್ಟುಕೊಳ್ಳೋಣ, ಸಂತೋಷವನ್ನು ಹಂಚಿಕೊಂಡೆ. ಮೂರೂವರೆಗೆ ನನಗೆ ಗೊತ್ತಿತ್ತು. ಸ್ಟೇಟಸ್ ತೆಗೆಯಬಹುದಿತ್ತು, ಅಥವಾ ಕೆಂಪು ಅಂಕಿಯನ್ನು ಅದರ ಪಕ್ಕಕ್ಕೆ ಹಾಕಬಹುದಿತ್ತು. ಸುಮ್ಮನಿದ್ದೆ. ಅಲ್ಲಿಂದ ಮುಂದೆ ಆ ಚಿತ್ರ ಉಳಿದದ್ದು ನನ್ನ ಆಯ್ಕೆಯಿಂದ. ಅದಕ್ಕೆ ನಾನು ಒಂದು ಪೈಸೆಯನ್ನೂ ಪಡೆಯಲಿಲ್ಲ, ಜೂನಿಯರನ ಕಣ್ಣಲ್ಲಿ ಗೆದ್ದವನಾಗಿ ಉಳಿದೆ, ಅಷ್ಟೇ. ಆ ‘ಅಷ್ಟೇ’ಗೆ ಬೆಲೆ ತೆತ್ತವನು ಅವನು.

*

ಸೆಬಿಯ ಎಚ್ಚರಿಕೆಯನ್ನು ನಾವಿಬ್ಬರೂ ಓದಿದ್ದೆವು. ಹತ್ತರಲ್ಲಿ ಒಂಬತ್ತು ವ್ಯಕ್ತಿಗಳು ನಷ್ಟ ಹೊಂದಿದ್ದಾರೆ ಎಂಬ ವಾಕ್ಯವನ್ನು ಬ್ರೋಕರ್‌ಗಳು ಲಾಗಿನ್ ಮಾಡುವಾಗ ತೋರಿಸಬೇಕೆಂದು 2023ರಿಂದ ನಿಯಮವಿದೆ. ನಾವು ದಿನಾ ಬೆಳಿಗ್ಗೆ ಅದನ್ನು ಒತ್ತಿ ದಾಟಿ ಒಳಗೆ ಹೋಗುತ್ತಿದ್ದೆವು. ಅಂಕಿ ನಮ್ಮನ್ನು ತಡೆಯಲಿಲ್ಲ, ಚಿತ್ರ ಎಳೆಯಿತು. ಏಕೆ?

ಏಕೆಂದರೆ ಜಾಹೀರಾತಿನ ಬಳಿ ಆ ಒಂಬತ್ತು ಜನಕ್ಕೂ ಒಂದು ವಿವರಣೆ ಸಿದ್ಧವಿದೆ. ಅವರಿಗೆ ಶಿಸ್ತಿರಲಿಲ್ಲ, ಮೈಂಡ್‌ಸೆಟ್ ಇರಲಿಲ್ಲ, ದುರಾಸೆಯಿತ್ತು, ಕಲಿಯದೇ ಇಳಿದರು. ಗೆದ್ದವನ ಚಿತ್ರದ ಜೊತೆಗೇ ಸೋತವರ ಚಾರಿತ್ರ್ಯದ ಬಗ್ಗೆ ಒಂದು ತೀರ್ಪು ಬರುತ್ತದೆ. ಆಗ ಶೇ. 93 ಎನ್ನುವುದು ಎಚ್ಚರಿಕೆಯಾಗಿ ಉಳಿಯುವುದಿಲ್ಲ, ಕೋರ್ಸ್ ಕೊಳ್ಳಲು ಕಾರಣವೇ ಆಗಿಬಿಡುತ್ತದೆ. ಅಷ್ಟು ಜನ ಸೋಲುವುದು ಕಲಿಯದೆ ಇಳಿದದ್ದರಿಂದ ಎಂದಾದರೆ, ಬನ್ನಿ ಕಲಿಯಿರಿ! ಸೋತವನೂ ಇದನ್ನು ನಂಬುತ್ತಾನೆ. ನಂಬಿದ್ದರಿಂದ ನಾಚುತ್ತಾನೆ, ನಾಚಿಕೆಯಿಂದ ಬಾಯಿ ಮುಚ್ಚುತ್ತಾನೆ. ಅವನ ಮೌನದಿಂದಲೇ ಗೋಡೆಯ ಮೇಲೆ ಉಳಿದವರ ಚಿತ್ರ ಮಾತ್ರ ಉಳಿಯುತ್ತದೆ, ಅದನ್ನು ನೋಡಿ ಮುಂದಿನವನು ಹಡಗು ಹತ್ತುತ್ತಾನೆ. ಟೆರೇಸಿನಲ್ಲಿ ನನ್ನ ಜೂನಿಯರ್ ಹೇಳಿದ್ದು ಜಾಹೀರಾತಿನ ಮಾತನ್ನೇ. ಹಣ ಹೋದ ಮೇಲೂ ಅದು ಅವನೊಳಗೆ ಕೂತು ಮಾತಾಡುತ್ತಿತ್ತು.

ಉಳಿದವರ ಭ್ರಮೆಯನ್ನು ನಾವು ಲೆಕ್ಕದ ತಪ್ಪು ಎಂದಷ್ಟೇ ನೋಡುತ್ತೇವೆ. ನನಗನಿಸುವಂತೆ ಅದರ ದೊಡ್ಡ ಅನ್ಯಾಯ ಇಲ್ಲಿದೆ. ಕಾಣದವರ ಬಗ್ಗೆ, ಅವರು ಕಾಣದಿರುವುದರಿಂದಲೇ, ಏನು ಬೇಕಾದರೂ ಹೇಳಬಹುದು. ಮುಳುಗಿದವರು ಹರಕೆಯನ್ನು ಸರಿಯಾಗಿ ಹೊರಲಿಲ್ಲ ಎಂದು ಅರ್ಚಕ ಹೇಳಿದರೆ ಎದ್ದು ಬಂದು ಅಲ್ಲಗಳೆಯುವವರು ಯಾರು?

ಇದಕ್ಕೊಂದು ಎದುರು ವಾದವಿದೆ, ಅದನ್ನು ಕಡೆಗಣಿಸಬಾರದು. ಎಲ್ಲ ಗೆಲುವೂ ಅದೃಷ್ಟವೇ ಎಂದು ಇದರಿಂದ ಸಾಬೀತಾಗುವುದಿಲ್ಲ. ಅದೇ ಸೆಬಿ ಅಧ್ಯಯನದಲ್ಲಿ, ವ್ಯಕ್ತಿಗಳು ಕಳೆದುಕೊಂಡ 2023-24ರಲ್ಲೇ, ಸ್ವಂತ ಹಣದಲ್ಲಿ ವ್ಯವಹರಿಸುವ ಸಂಸ್ಥೆಗಳೂ ವಿದೇಶಿ ಹೂಡಿಕೆ ಸಂಸ್ಥೆಗಳೂ ಸಾವಿರಾರು ಕೋಟಿ ಲಾಭ ಮಾಡಿದ್ದವು. ಅದರ ಬಹುಪಾಲು ಬಂದದ್ದು ಕಂಪ್ಯೂಟರ್ ಅಲ್ಗಾರಿದಮ್‌ಗಳ ವ್ಯವಹಾರದಿಂದ. ಅಂದರೆ ಅನುಕೂಲ ಎಂಬುದು ಇದೆ, ಕೌಶಲವೂ ಇರಬಹುದು. ಗೆದ್ದವರನ್ನೆಲ್ಲ ಅದೃಷ್ಟವಂತರೆಂದು ತಳ್ಳಿಹಾಕುವುದು ಸೋತವರನ್ನೆಲ್ಲ ಶಿಸ್ತಿಲ್ಲದವರೆಂದು ತಳ್ಳಿಹಾಕಿದಷ್ಟೇ ಸೋಮಾರಿತನ. ಕೌಶಲ ಇದೆ ಎನ್ನುವುದಕ್ಕೆ ಸ್ಕ್ರೀನ್‌ಶಾಟ್ ಸಾಕ್ಷಿಯಾಗಲಾರದು ಎಂಬುದಷ್ಟೇ ನನ್ನ ಮಾತು.

ಸಾಕ್ಷಿ ಯಾವುದಾಗಬಹುದು? ಮೊದಲು ಆರಿಸಿ, ನಂತರ ನೋಡುವುದು. ಗೆದ್ದ ಮೇಲೆ ಗೆದ್ದವರನ್ನು ಹುಡುಕಿದರೆ ಸಿಕ್ಕೇ ಸಿಗುತ್ತಾರೆ. ಇವತ್ತು ಒಬ್ಬರ ಹೆಸರು ಬರೆದಿಟ್ಟು, ಮುಂದಿನ ಒಂದು ವರ್ಷ ಅವರ ಎಲ್ಲ ಖಾತೆಗಳ ಎಲ್ಲ ವ್ಯವಹಾರ ಏನಾಗುತ್ತದೆ ಎಂದು ನೋಡುವುದು ಬೇರೆ ವಿಷಯ. ಅಷ್ಟು ಕಾಯಲಾಗದಿದ್ದರೆ ಕೇಳಬಹುದಾದ ಒಂದು ಕಾಗದವಿದೆ. ಈ ವ್ಯವಹಾರದ ಲಾಭನಷ್ಟವನ್ನು ವ್ಯಾಪಾರದ ಆದಾಯವೆಂದು ಆದಾಯ ತೆರಿಗೆ ವಿವರದಲ್ಲಿ ತೋರಿಸಬೇಕು, ಅದಕ್ಕಾಗಿ ಬ್ರೋಕರ್ ಇಡೀ ಹಣಕಾಸು ವರ್ಷದ ಲೆಕ್ಕವನ್ನು ಖರ್ಚು ಸಮೇತ ಕೊಡುತ್ತಾನೆ. ಆ ಒಂದು ಹಾಳೆಯಲ್ಲಿ ದಿನ ಆರಿಸಿಕೊಳ್ಳಲು ಬರುವುದಿಲ್ಲ. ಚಿತ್ರದ ಮೂಲೆಯಲ್ಲಿನ ಸಮಯವನ್ನೂ ನೋಡಿ. ಮೂರೂವರೆಗೆ ಮೊದಲಿನದಾದರೆ ವ್ಯವಹಾರ ಇನ್ನೂ ಮುಗಿದಿರಲಿಕ್ಕಿಲ್ಲ. ನನ್ನದರಲ್ಲಿ 11.10 ಎಂದಿತ್ತು, ಎಲ್ಲರ ಕಣ್ಣೆದುರೇ ಇತ್ತು.

*

ಕಳೆದ ತಿಂಗಳು ನಾನು ಆ ವರ್ಷದ ಹಾಳೆಯನ್ನು ತೆಗೆದು ಜೂನಿಯರನಿಗೆ ತೋರಿಸಿದೆ. ಕೆಳಗಿನ ಸಾಲಿನಲ್ಲಿ –31,400. ಅವನು ತುಂಬ ಹೊತ್ತು ನೋಡಿದ. “ಇದನ್ನ ಮೊದ್ಲೇ ತೋರಿಸ್ಬೇಕಿತ್ತಲ್ಲ ಅಣ್ಣ,” ಎಂದ. ಕೋಪದಲ್ಲಿ ಹೇಳಿರಲಿಲ್ಲ, ಅದಕ್ಕೇ ಹೆಚ್ಚು ತಾಗಿತು. ಹೌದು ಎಂದೆ.

ಅವತ್ತು ರಾತ್ರಿ ಆ ಹಾಳೆಯನ್ನೇ ಸ್ಟೇಟಸ್ಸಿಗೆ ಹಾಕಿದೆ. ಹಸಿರು ಚಿತ್ರಕ್ಕೆ ಬಂದಿದ್ದ ಹೃದಯಗಳೂ ಚಪ್ಪಾಳೆಗಳೂ ಈ ಸಲ ಬರಲಿಲ್ಲ. ಆದರೆ ಬೆಳಗಾಗುವುದರೊಳಗೆ ಮೂವರು ಖಾಸಗಿಯಾಗಿ ಬರೆದಿದ್ದರು. ಒಬ್ಬರು ಪಿಯುಸಿಯಲ್ಲಿ ನನ್ನ ಜೊತೆ ಓದಿದವರು, ಒಬ್ಬರು ಕಾಲೇಜೊಂದರ ಅತಿಥಿ ಉಪನ್ಯಾಸಕರು, ಇನ್ನೊಬ್ಬ ನನ್ನ ಚಿಕ್ಕಪ್ಪನ ಮಗ. ಮೂವರೂ ತಮ್ಮ ತಮ್ಮ ಅಂಕಿ ಬರೆದಿದ್ದರು, ಮೂವರದ್ದೂ ನನ್ನದಕ್ಕಿಂತ ದೊಡ್ಡದು. ಯಾರಿಗೂ ಹೇಳಬೇಡ ಎಂದೂ ಮೂವರೂ ಬರೆದಿದ್ದರು. ಇಷ್ಟು ವರ್ಷ ಅವರ ಹೆಸರುಗಳು ನನ್ನ ಫೋನಿನಲ್ಲೇ ಇದ್ದವು.